75 ಗ್ರಾಂ ಗ್ಲೂಕೋಸ್, 2 ಗಂಟೆ ಕಾಯುವಿಕೆ

(ಬದಿಯಡ್ಕದಲ್ಲಿ ಗರ್ಭಿಣಿಯರು ಮತ್ತು ಮನೆಯವರಿಗಾಗಿ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಪೆರ್ಲ, ಮುಳ್ಳೇರಿಯ ಕಡೆಯಿಂದ ಬಸ್ಸು ಹಿಡಿದು ಬಂದ ತಂಗಿಯಂದಿರೂ ಇದ್ದೀರಿ, ಜೊತೆಗೆ ಅತ್ತೆಯಂದಿರೂ ಇದ್ದೀರಿ. ಒಳ್ಳೆಯದಾಯಿತು. "ಶುಗರ್ ಉಂಟೋ ಅಂತ ನೋಡಲಿಕ್ಕೆ ಶುಗರನ್ನೇ ಯಾಕೆ ಕುಡಿಸುವುದು ಡಾಕ್ಟ್ರೇ?" ಎಂದು ಹೆಚ್ಚಾಗಿ ಕೇಳುವವರು ಅತ್ತೆಯಂದಿರೇ.

ಕೇಳಬೇಕಾದ ಪ್ರಶ್ನೆಯೇ ಅದು. ಬಸಿರಿನಲ್ಲಿ ಕಸ, ಅಂದರೆ ಪ್ಲಾಸೆಂಟಾ, ಕೆಲವು ಹಾರ್ಮೋನುಗಳನ್ನು ಸುರಿಸುತ್ತದೆ. ಅವು ತಾಯಿಯ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ತಿಂಗಳು ತುಂಬುತ್ತ ಹೋದಂತೆ ಈ ಅಡ್ಡಿಯೂ ಹೆಚ್ಚುತ್ತದೆ. ಹೆಚ್ಚಿನವರ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಮಾಡಿ ಸರಿದೂಗಿಸುತ್ತದೆ, ಕೆಲವರದಕ್ಕೆ ಅದು ಸಾಧ್ಯವಾಗುವುದಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆದರೆ ಅಂಥವರಲ್ಲೂ ಎಷ್ಟೋ ಜನರ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಕಾಲುಸಂಕ ಗಟ್ಟಿಯೋ ಎಂದು ಮೇಲೆ ಹೊರೆ ಹೊತ್ತು ನಡೆದರೆ ಮಾತ್ರ ತಿಳಿಯುವುದಲ್ಲವೇ, ಹಾಗೆಯೇ ಇದು. ಅದಕ್ಕಾಗಿ ಮೊದಲ ಭೇಟಿಯಲ್ಲೊಮ್ಮೆ, ಮತ್ತೆ 24ರಿಂದ 28 ವಾರದೊಳಗೆ ಇನ್ನೊಮ್ಮೆ ಪರೀಕ್ಷೆ. ಎರಡನೆಯದು ಸೀಮಂತದ ಹೊತ್ತಿಗೆ ಬರುವುದರಿಂದ ನಿನ್ನೆಯ ಹೋಳಿಗೆಯನ್ನು ಬೈಯುವವರಿದ್ದಾರೆ. ಹೋಳಿಗೆಯ ತಪ್ಪಲ್ಲ ಅದು.

ಆ ಹೊರೆ 75 ಗ್ರಾಂ ಗ್ಲೂಕೋಸ್. ಅದನ್ನು ಸುಮಾರು 300 ಮಿಲಿ ನೀರಿನಲ್ಲಿ ಕರಗಿಸಿ 5ರಿಂದ 10 ನಿಮಿಷದೊಳಗೆ ಕುಡಿಯಬೇಕು. ಅಂಗಡಿಯ ದೊಡ್ಡ ಪ್ಯಾಕೆಟ್ ತಂದು ಅಂದಾಜಿನಲ್ಲಿ ಸುರಿಯುವುದನ್ನು ನಾನು ಒಪ್ಪುವುದಿಲ್ಲ. 100 ಗ್ರಾಂ ಹೋದರೆ ಇಲ್ಲದ ಕಾಯಿಲೆ ಕಂಡೀತು, ತಳದಲ್ಲಿ ಕರಗದೆ ಉಳಿದರೆ ಇದ್ದ ಕಾಯಿಲೆ ತಪ್ಪಿಹೋದೀತು. ಅಡುಗೆಮನೆಯ ಸಕ್ಕರೆಯೂ ನಡೆಯುವುದಿಲ್ಲ, ಅದರಲ್ಲಿ ಗ್ಲೂಕೋಸ್ ಅರ್ಧ ಮಾತ್ರ, ಉಳಿದರ್ಧ ಫ್ರಕ್ಟೋಸ್. ಲ್ಯಾಬಿನವರು ಅಳೆದಿಟ್ಟ ಪುಡಿಯೇ ಬೇಕು.

ಕುಡಿಯುವಾಗ ಗಂಟಲಿಗೆ ಅಂಟುವಂಥ ಸಿಹಿ. ಹೊಟ್ಟೆ ತೊಳಸಬಹುದು, ಸ್ವಲ್ಪ ತಲೆ ತಿರುಗಬಹುದು, ಬೆವರಬಹುದು. ತಣ್ಣಗೆ ಮಾಡಿ ಕುಡಿದರೆ ಹಲವರಿಗೆ ಸುಲಭ. ಕುಡಿಯಲು ಆರಂಭಿಸಿದ ಹೊತ್ತನ್ನು ನರ್ಸ್ ಹತ್ತಿರ ಚೀಟಿಯಲ್ಲಿ ಬರೆಸಿಕೊಳ್ಳಿ. ಆಮೇಲೆ ಕುಳಿತಿರಬೇಕು. ಚಹಾ, ಬೊಂಡ, ಬಿಸ್ಕತ್ತು ಯಾವುದೂ ಬೇಡ, ನೀರು ಗುಟುಕರಿಸಬಹುದು. ಪೇಟೆಗೆ ಹೋಗಿ ಸಾಮಾನು ತಂದುಬಿಡುತ್ತೇನೆ ಎಂದು ಹೊರಡಬೇಡಿ. ನಡೆದಾಗ ಸ್ನಾಯುಗಳು ಸಕ್ಕರೆ ಎಳೆದುಕೊಂಡು ಲೆಕ್ಕ ತಗ್ಗಿಬಿಡುತ್ತದೆ. ಕುಡಿದು ಅರ್ಧ ಗಂಟೆಯೊಳಗೆ ವಾಂತಿಯಾದರೆ ಹೇಳಿಬಿಡಿ, ಪರೀಕ್ಷೆ ಇನ್ನೊಂದು ದಿನ ಮತ್ತೆ ಮಾಡಬೇಕು. ಅರ್ಧ ಗಂಟೆ ಕಳೆದ ಮೇಲಾದರೆ ಮುಂದುವರಿಸಬಹುದು. ನಾಚಿಕೆಯಿಂದ ಮುಚ್ಚಿಟ್ಟರೆ ಬರುವ ಲೆಕ್ಕಕ್ಕೆ ಅರ್ಥವಿಲ್ಲ.

ಈಗ ನಮ್ಮ ಗಡಿನಾಡಿನದ್ದೇ ಒಂದು ಗೊಂದಲ. ಪರೀಕ್ಷೆಯಲ್ಲಿ ಎರಡು ಕ್ರಮಗಳಿವೆ, ಊರಿನ ಆಸ್ಪತ್ರೆ ಒಂದನ್ನು, ತಲಪಾಡಿ ದಾಟಿ ಹೋದ ಮಂಗಳೂರಿನ ಆಸ್ಪತ್ರೆ ಇನ್ನೊಂದನ್ನು ಹಿಡಿದಿರಬಹುದು. ಮೊದಲನೆಯದರಲ್ಲಿ ಉಂಡಿದ್ದರೂ ಸರಿ, ಇಲ್ಲದಿದ್ದರೂ ಸರಿ, ಕುಡಿದ 2 ಗಂಟೆಗೆ ಒಂದೇ ಸಲ ರಕ್ತ. ಸಕ್ಕರೆ ಡೆಸಿಲೀಟರ್ ರಕ್ತಕ್ಕೆ 140 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗರ್ಭಾವಸ್ಥೆಯ ಮಧುಮೇಹ. ಎರಡನೆಯದರಲ್ಲಿ ರಾತ್ರಿಯಿಂದ ಉಪವಾಸವಿದ್ದು ಮೂರು ಸಲ ರಕ್ತ ಕೊಡಬೇಕು. ಖಾಲಿ ಹೊಟ್ಟೆಯಲ್ಲಿ 92, 1 ಗಂಟೆಗೆ 180, 2 ಗಂಟೆಗೆ 153, ಇವುಗಳಲ್ಲಿ ಒಂದನ್ನು ಮುಟ್ಟಿದರೂ ಸಾಕು.

ಒಬ್ಬ ತಂಗಿ 26ನೇ ವಾರದಲ್ಲಿ ಮೊದಲನೆಯ ಕ್ರಮದಲ್ಲಿ ಪರೀಕ್ಷೆ ಮಾಡಿಸಿಕೊಂಡಳೆನ್ನಿ. 9.20ಕ್ಕೆ ಕುಡಿದಳು, 11.20ಕ್ಕೆ ರಕ್ತ ಕೊಟ್ಟಳು, 146 ಬಂತು. ಅಂದರೆ ಮಧುಮೇಹ. ಗಾಬರಿಯಾಗಿ ಮರುವಾರ ಇನ್ನೊಂದು ಕಡೆ ಉಪವಾಸವಿದ್ದು ಮಾಡಿಸಿದಳು. 88, 171, 146. ಅಲ್ಲಿ "ನಾರ್ಮಲ್". ಯಾವ ಲ್ಯಾಬೂ ಸುಳ್ಳು ಹೇಳಲಿಲ್ಲ, 2 ಗಂಟೆಯ ಲೆಕ್ಕವೂ ಅದೇ, ಗೆರೆ ಮಾತ್ರ ಬೇರೆ. ಇಂಥಲ್ಲಿ ನಿಮಗೆ ಹಿತವಾದ ಕಾಗದವನ್ನು ಮಾತ್ರ ಇಟ್ಟುಕೊಳ್ಳಬೇಡಿ, ಎರಡನ್ನೂ ಹೆರಿಗೆ ನೋಡುವ ಡಾಕ್ಟ್ರ ಮುಂದಿಡಿ. ನಾನಾದರೆ 146 ಅನ್ನು ಕಡೆಗಣಿಸುವುದಿಲ್ಲ. ಕುಚ್ಚಲಕ್ಕಿ ಅನ್ನದ ಪ್ರಮಾಣ, ನಡಿಗೆ ಸರಿಪಡಿಸಿ, ಎರಡು ವಾರ ಬಿಟ್ಟು ಊಟದ 2 ಗಂಟೆಯ ನಂತರದ ಶುಗರ್ ನೋಡುತ್ತೇನೆ. ಅದು 120ರ ಕೆಳಗಿದ್ದರೆ ಹೆಚ್ಚಿನವರಿಗೆ ಔಷಧ ಬೇಕಾಗುವುದಿಲ್ಲ.

ಮಗುವಿಗೆ ಏನಾದರೂ ಆದೀತೋ ಎಂಬ ಹೆದರಿಕೆಗೆ ಒಂದು ಮಾತು. ಆ ಲೋಟದಲ್ಲಿರುವುದು ಸುಮಾರು 300 ಕ್ಯಾಲೊರಿ, ಒಂದು ಊಟದಷ್ಟು, ಅದೂ ಒಮ್ಮೆ. ತಿಂಗಳುಗಟ್ಟಲೆ ಗೊತ್ತಾಗದೆ ಏರಿದ ಸಕ್ಕರೆಯೇ ಮಗುವನ್ನು ಮಿತಿಮೀರಿ ಬೆಳೆಸಿ, ಹೆರಿಗೆಯನ್ನು ಕಷ್ಟ ಮಾಡುವುದು. ಆದರೆ ಮೊದಲೇ ಮಧುಮೇಹವಿದ್ದವರಿಗೆ ಈ ಪರೀಕ್ಷೆ ಬೇಡ. ಹೊಟ್ಟೆ ಚಿಕ್ಕದು ಮಾಡುವ ಶಸ್ತ್ರಚಿಕಿತ್ಸೆ ಆದವರು ಮುಂಚೆಯೇ ತಿಳಿಸಿ, ಅವರಿಗೆ ಬೇರೆ ದಾರಿ ನೋಡುತ್ತೇವೆ.

ಬರುವಾಗ ಡಬ್ಬಿಯಲ್ಲಿ ಎರಡು ಇಡ್ಲಿ ಇರಲಿ, ರಕ್ತ ಕೊಟ್ಟ ಕೂಡಲೇ ತಿನ್ನಿ. ಸರಿ, ಇನ್ನು ನಿಮ್ಮ ಪ್ರಶ್ನೆಗಳು.