ಮಸಾಲೆ ಬದಲಾದರೆ ಸಾಲದು, ಮೊಟ್ಟೆಯ ರೂಪವೂ ಬದಲಾಗಲಿ

ಕೇಳುಗರಿಗೆ ನಮಸ್ಕಾರ. ನಮ್ಮ ಮನೆಯಲ್ಲಿ ಮೀನು, ಮಾಂಸ ಇಲ್ಲ. ಮೊಟ್ಟೆ ಮಾತ್ರ ತಿನ್ನುತ್ತೇವೆ. ಸೋಮವಾರ, ಶನಿವಾರ ಅದೂ ಇಲ್ಲ. ಉಳಿದದ್ದು ಐದು ದಿನ, ಊಟಕ್ಕೆ ನಾಲ್ಕು ಜನ. ಒಂದು ದಿನ ಆಮ್ಲೆಟ್ ಮಾಡಿದರೆ ಮರುದಿನ ಬೇಯಿಸಿದ ಮೊಟ್ಟೆಯ ಗೊಜ್ಜು. ಗೊಜ್ಜಿನ ಮಸಾಲೆ ಎಷ್ಟು ಬದಲಾಯಿಸಿದರೂ ಮಕ್ಕಳು ‘ಮತ್ತೆ ಅದೇನಾ’ ಎನ್ನುತ್ತಿದ್ದರು. ಬಾಯಿಗೆ ಸಿಗುವ ಮೊಟ್ಟೆ ಅದೇ ಇತ್ತು, ಅಲ್ವಾ? ಹಾಗಾಗಿ ಮೊಟ್ಟೆ ಬೇಯಿಸುವ ರೀತಿಯನ್ನೇ ದಿನಕ್ಕೊಂದು ಮಾಡಿಕೊಂಡೆ.

ಮಂಗಳವಾರ ಒಡೆದು ಹಾಕಿದ ಸಾರು, ಜೊತೆಗೆ ರಾಗಿ ಮುದ್ದೆ. ಈರುಳ್ಳಿ, ಟೊಮೆಟೊ, ತೆಂಗಿನಕಾಯಿ, ಸಾರಿನ ಪುಡಿ ರುಬ್ಬಿ ಕುದಿಸಿ. ಹಸಿ ವಾಸನೆ ಹೋದ ಮೇಲೆ ಉರಿ ಪೂರ್ತಿ ಸಣ್ಣ ಮಾಡಿ. ಜೋರು ಕುದಿಯಲ್ಲಿ ಒಡೆದು ಹಾಕಿದರೆ ಬಿಳಿ ಎಳೆ ಎಳೆಯಾಗಿ ಸಾರೆಲ್ಲ ಕದಡಿಹೋಗುತ್ತದೆ. ನಾಲ್ಕು ಮೊಟ್ಟೆಯನ್ನು ಒಂದೊಂದಾಗಿ ಬಟ್ಟಲಿಗೆ ಒಡೆದು, ಸಾರಿನ ಹತ್ತಿರ ಬಗ್ಗಿಸಿ, ಮೆಲ್ಲಗೆ ಜಾರಿಸಿ. ಸೌಟು ಆಡಿಸಬೇಡಿ. ಮುಚ್ಚಳ ಮುಚ್ಚಿ ಏಳೆಂಟು ನಿಮಿಷ ಬಿಟ್ಟರೆ ಹಳದಿಯೂ ಗಟ್ಟಿಯಾಗುತ್ತದೆ. ಇದಕ್ಕೆ ಹೊಸ ಮೊಟ್ಟೆಯೇ ಬೇಕು. ಹಳೆಯದರ ಬಿಳಿ ನೀರಾಗಿ ಹರಡಿಬಿಡುತ್ತದೆ. ನೀರಿಗೆ ಹಾಕಿ ನೋಡಿ, ಹೊಸದು ತಳದಲ್ಲಿ ಅಡ್ಡ ಮಲಗುತ್ತದೆ.

ಬುಧವಾರ ಸುಲಭದ್ದು. ಮೂರು ಮೊಟ್ಟೆ ಗೊಟಾಯಿಸಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಮೆಣಸಿನಕಾಯಿ, ಕೊತ್ತಂಬರಿ ಸೇರಿಸಿ ಪಡ್ಡು ಕಾವಲಿಗೆ ಹುಯ್ಯಿರಿ. ಗುಳಿ ಅರ್ಧ ತುಂಬಿದರೆ ಸಾಕು, ಅದು ಉಬ್ಬುತ್ತದೆ.

ಗುರುವಾರದ್ದು ನನಗೆ ತುಂಬಾ ಇಷ್ಟ. ನಾಲ್ಕು ಮೊಟ್ಟೆಗೆ ಉಪ್ಪು, ಮೆಣಸಿನ ಪುಡಿ ಹಾಕಿ, ನೊರೆ ಬರಿಸದೆ ಕಲಸಿ. ಎಣ್ಣೆ ಸವರಿದ ಸ್ಟೀಲ್ ಡಬ್ಬಿಗೆ ಸುರಿದು, ಮುಚ್ಚಿ, ಇಡ್ಲಿ ಪಾತ್ರೆಯ ಹಬೆಯಲ್ಲಿ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಇಡಿ. ನಡುವೆ ಚಾಕು ಚುಚ್ಚಿದರೆ ಅಂಟದೆ ಬರಬೇಕು. ಉರಿ ಜಾಸ್ತಿಯಾದರೆ ಒಳಗೆಲ್ಲ ತೂತು ಬಿದ್ದು, ನೀರು ಬಿಟ್ಟುಕೊಂಡು ರಬ್ಬರಿನಂತಾಗುತ್ತದೆ. ಪೂರ್ತಿ ಆರಿದ ಮೇಲೆ ಪನೀರಿನ ಹಾಗೆ ತುಂಡು ಮಾಡಿ, ಪಾಲಕ್ ಗೊಜ್ಜಿಗೆ ಕೊನೆಯಲ್ಲಿ ಹಾಕಿ. ಅವರೆಕಾಯಿ ಕಾಲದಲ್ಲಾದರೆ ಹಿತಕಿದ ಬೇಳೆ ಸಾರಿಗೆ ಹಾಕಿ ನೋಡಿ, ತುಂಡುಗಳು ಸಾರು ಹೀರಿಕೊಂಡು ಎಷ್ಟು ಚೆನ್ನಾಗಿರುತ್ತವೆ!

ಶುಕ್ರವಾರ ಮೂರು ಮೊಟ್ಟೆಯ ಬುರ್ಜಿ ಮಾಡಿ ಒತ್ತು ಶಾವಿಗೆಗೆ ಕಲಸುತ್ತೇನೆ. ಬುರ್ಜಿ ಇನ್ನೂ ತೇವವಾಗಿದ್ದಾಗಲೇ ಇಳಿಸಬೇಕು, ಶಾವಿಗೆಯ ಬಿಸಿಗೆ ಉಳಿದದ್ದು ಬೇಯುತ್ತದೆ.

ಇಡೀ ಮೊಟ್ಟೆ ಬೇಯಿಸುವುದು ಭಾನುವಾರ ಮಾತ್ರ. ಆರು ಮೊಟ್ಟೆ ಬೇಯಿಸಿ, ಸೀಳಿ, ತುಪ್ಪದಲ್ಲಿ ಕರಿಬೇವು, ಕುಟ್ಟಿದ ಕಾಳುಮೆಣಸಿನ ಜೊತೆ ಹುರಿಯುತ್ತೇನೆ. ನೀರು ಕುದಿ ಬಂದ ಮೇಲೆ ಮೊಟ್ಟೆ ಬಿಟ್ಟು, ಹತ್ತು ನಿಮಿಷಕ್ಕೆ ತೆಗೆದು ತಣ್ಣೀರಿಗೆ ಹಾಕಿ. ಸೀಳಿದಾಗ ಹಳದಿಯ ಸುತ್ತ ಹಸಿರು ಗೆರೆ ಕಂಡರೆ ಜಾಸ್ತಿ ಬೆಂದಿದೆ ಎಂದರ್ಥ. ಮುಂದಿನ ಭಾನುವಾರ ಒಂದು ನಿಮಿಷ ಮೊದಲೇ ತೆಗೆಯಿರಿ. ಅಂಗಡಿಗೆ ಹೋಗುವಾಗ ಲೆಕ್ಕ ನೆನಪಿರಲಿ: ವಾರಕ್ಕೆ ಒಟ್ಟು 20 ಮೊಟ್ಟೆ.