ಲೋನ್ ಟ್ರೀಯಲ್ಲಿ ಸಂದಿಗೆ ಬಿದ್ದ ಅರ್ಜಿ

ಕೇಳ್ತಿರೋ ಎಲ್ರಿಗೂ ನಮಸ್ಕಾರ. ಲೋನ್ ಕೊಡ್ಬೇಕಾ ಬೇಡ್ವಾ ಅಂತ ತೀರ್ಮಾನ ಮಾಡೋಕೆ ಬರೆಯೋ ಡಿಸಿಷನ್ ಟ್ರೀ ಬಗ್ಗೆ ಇವತ್ತು ಮಾತಾಡ್ತೀನಿ. ಒಂದು ಪ್ರಶ್ನೆ, ಅದಕ್ಕೆ ಎರಡು ಮೂರು ಕವಲು, ಪ್ರತಿ ಕವಲಿನ ತುದಿಗೆ ಇನ್ನೊಂದು ಪ್ರಶ್ನೆ, ಅಷ್ಟೇ ಅದು. ಆದ್ರೆ ಯಾವ ಅರ್ಜಿ ಬಂದ್ರೂ ಒಂದೇ ಒಂದು ಕವಲಿಗೆ ಹೋಗ್ಬೇಕು, ಎರಡಕ್ಕೂ ಹೋಗ್ಬಾರ್ದು, ಯಾವುದಕ್ಕೂ ಹೋಗ್ದೆ ಉಳೀಲೂಬಾರ್ದು.

ಒಬ್ರಿಗೆ ತಿಂಗಳಿಗೆ 40,000 ರೂಪಾಯಿ ಸಂಬಳ, ಈಗಾಗ್ಲೇ 12,000 ಇಎಂಐ ಕಟ್ತಿದಾರೆ, ಹೊಸ ಲೋನಿನ ಇಎಂಐ 8,160 ಅಂತಿಟ್ಕೊಳ್ಳಿ. ಒಟ್ಟು 20,160, ಅಂದ್ರೆ ಸಂಬಳದ ಶೇಕಡ 50.4. ಟ್ರೀಯಲ್ಲಿ ಒಂದು ಕವಲು "ಶೇಕಡ 50ರವರೆಗೆ", ಇನ್ನೊಂದು "51 ಮತ್ತು ಮೇಲೆ" ಅಂತಿದೆ, ಬರೆದವ್ರಿಗೆ ಪೂರ್ತಿ ಸಂಖ್ಯೆಗಳಷ್ಟೇ ಕಣ್ಣಿಗೆ ಬಂದಿದ್ವು, ಹಾಗಾಗಿ ಇವ್ರ ಅರ್ಜಿ ಎರಡರ ಸಂದಿಗೆ ಬಿತ್ತು. "51" ತೆಗೆದು "50ಕ್ಕಿಂತ ಜಾಸ್ತಿ" ಅಂತ ಬರೆದ್ರೆ ಸಂದಿ ಮುಚ್ಚುತ್ತೆ.

ಹಳೇ ಸಾಲ ಹೇಗೆ ಕಟ್ಟಿದಾರೆ ಅಂತ ತೋರ್ಸೋ ಸಿಬಿಲ್ ಸ್ಕೋರಲ್ಲಿ ಇದರ ಉಲ್ಟಾ ತಪ್ಪಾಗುತ್ತೆ. "650ರಿಂದ 750", "750ರಿಂದ 900" ಅಂತ ಬರೆದ್ರೆ ಸರಿಯಾಗಿ 750 ಇರೋರು ಎರಡು ಕಡೆಗೂ ಸೇರ್ತಾರೆ, ಆಗ ಸಾಫ್ಟ್‌ವೇರ್ ಮೊದ್ಲು ಸಿಕ್ಕಿದ ಕವಲನ್ನ ಹಿಡಿದು ನಿಂತುಬಿಡುತ್ತೆ, ನಾಳೆ ಯಾರೋ ಕವಲುಗಳನ್ನ ಹಿಂದೆ ಮುಂದೆ ಮಾಡಿದ್ರೆ ಅದೇ ವ್ಯಕ್ತಿಗೆ ಬೇರೆ ಉತ್ತರ ಬರುತ್ತೆ. ನನಗೆ ಇದೇ ಜಾಸ್ತಿ ಭಯದ ತಪ್ಪು, ಯಾಕಂದ್ರೆ ಹೊರಗಿಂದ ಎಲ್ಲಾ ಸರಿಯಾಗೇ ಕಾಣ್ತಿರುತ್ತೆ.

ಸಿಬಿಲ್ ಸ್ಕೋರ್ 300ರಿಂದ 900ರವರೆಗೆ ಇರುತ್ತೆ. ಹಿಂದೆ ಸಾಲವನ್ನೇ ಮಾಡದೋರಿಗೆ ಅಲ್ಲಿ ಮೈನಸ್ 1 ಅಂತ ಬರುತ್ತೆ. ಟ್ರೀ ಅದನ್ನ "650ಕ್ಕಿಂತ ಕಮ್ಮಿ" ಅಂತ ಓದಿದ್ರೆ, ಒಂದು ಕಂತೂ ತಪ್ಪಿಸದ ಮನುಷ್ಯನನ್ನ ಕಂತು ತಪ್ಪಿಸಿದೋರ ಜೊತೆ ಕೂರಿಸ್ದಂಗೆ. ಅದಕ್ಕೇ ಮೊದಲ ಪ್ರಶ್ನೆ "ಸ್ಕೋರ್ ಇದೆಯಾ, ಇಲ್ವಾ" ಅಂತಿರ್ಬೇಕು, ಇದೆ ಅಂದ್ಮೇಲಷ್ಟೇ ಎಷ್ಟು ಅಂತ ಕೇಳ್ಬೇಕು.

ಇಂಥ ತಪ್ಪುಗಳನ್ನ ಪತ್ತೆ ಮಾಡೋಕೆ ನಾನು ಹೇಳೋ ದಾರಿ ಇದು. ಗಡಿ ಮೇಲಿನ ಸಂಖ್ಯೆಗಳನ್ನೇ ಹಾಕಿ: 649, 650, 749, 750, ಮೈನಸ್ 1, ಖಾಲಿ ಜಾಗ. ಮೊದ್ಲು ಹೊಂದಿದ ಕವಲಿಗೇ ನಿಲ್ಲಿಸ್ದೆ ಎಲ್ಲಾ ಕವಲನ್ನೂ ಓಡ್ಸಿ, ಎಷ್ಟು ಹೊಂದಿದ್ವು ಎಣಿಸಿ. ಸೊನ್ನೆ ಬಂದ್ರೆ ಸಂದಿ ಇದೆ, ಎರಡು ಬಂದ್ರೆ ಮೇಲ್ಮೇಲೆ ಬಿದ್ದಿದೆ, ಪ್ರತಿಯೊಂದಕ್ಕೂ ಒಂದೇ ಬರ್ಬೇಕು. ಕೊನೇಲಿ "ಉಳಿದದ್ದೆಲ್ಲ" ಅನ್ನೋ ಕವಲು ಇಡಿ, ಆದ್ರೆ ಅದು ರಿಜೆಕ್ಟ್ ಆಗ್ಬಾರ್ದು, ಮ್ಯಾನೇಜರ್ ಟೇಬಲ್‌ಗೆ ಹೋಗ್ಲಿ.

ಇನ್ನು ಆ 50.4ರವ್ರು. ಈಗ ಅವ್ರು "50ಕ್ಕಿಂತ ಜಾಸ್ತಿ" ಕವಲಿಗೆ ಬರ್ತಾರೆ, ಅಲ್ಲಿ ಅವಧಿ ಸ್ವಲ್ಪ ಹೆಚ್ಚಿಸ್ಕೊಳ್ತೀರಾ ಅಂತ ಕೇಳ್ಬಹುದು. ಇಎಂಐ 8,000ಕ್ಕೆ ಇಳಿದ್ರೆ ಒಟ್ಟು 20,000, ಸರಿಯಾಗಿ ಶೇಕಡ 50, ಮೊದಲ ಕವಲಿಗೇ ಸೇರ್ತಾರೆ. ನಮಸ್ಕಾರ.