ಇಮೇಲಿನಲ್ಲಿ ಬಂದ ಸಮನ್ಸು, ಸಂಜೆ ಐದರ ಗಡುವು

ಶ್ರೋತೃಗಳೇ, ನಮಸ್ಕಾರ.

ಕೆಲವು ತಿಂಗಳ ಹಿಂದೆ, ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಯುವಕನೊಬ್ಬ ತನಗೆ ಇಮೇಲಿನಲ್ಲಿ ಬಂದಿದ್ದ ಎರಡು ಪುಟಗಳ ಸಮನ್ಸನ್ನು ಮುದ್ರಿಸಿಕೊಂಡು ನನ್ನ ವಕೀಲ ಕಚೇರಿಗೆ ಬಂದ. ಕಾಗದದ ನೆತ್ತಿಯ ಮೇಲೆ ಸಿಂಹಲಾಂಛನ, ಕೆಳಗೆ ದುಂಡನೆಯ ನೀಲಿ ಮೊಹರು, ನಡುವೆ ಒಂದು ಪ್ರಕರಣ ಸಂಖ್ಯೆ ಇದ್ದವು. ಅವನು ಹಿಂದಿನ ವರ್ಷ ಮೊಬೈಲ್ ಆ್ಯಪ್ ಒಂದರ ಮೂಲಕ ಒಂಬತ್ತು ಸಾವಿರ ರೂಪಾಯಿ ಸಾಲ ಪಡೆದು ತೀರಿಸಿದ್ದ. ಆ ಸಾಲ ಬಾಕಿಯಿದೆಯೆಂದೂ, ಭಾರತೀಯ ದಂಡ ಸಂಹಿತೆಯ 420ನೆಯ ಕಲಮು ಮತ್ತು ಚೆಕ್ ಅಮಾನ್ಯಕ್ಕೆ ಸಂಬಂಧಿಸಿದ 138ನೆಯ ಕಲಮಿನಡಿ ಪ್ರಕರಣ ದಾಖಲಾಗಿದೆಯೆಂದೂ, ಅಂದು ಸಂಜೆ ಐದು ಗಂಟೆಯೊಳಗೆ 18,700 ರೂಪಾಯಿ ಕಟ್ಟಿ ರಾಜಿ ಮಾಡಿಕೊಳ್ಳದಿದ್ದರೆ ಜಾಮೀನುರಹಿತ ವಾರಂಟ್ ಹೊರಡುವುದೆಂದೂ ಅದರಲ್ಲಿ ಬರೆದಿತ್ತು. ಹಣ ಕಳುಹಿಸಲು ಒಂದು ಯುಪಿಐ ವಿಳಾಸವನ್ನೂ, ಮಾತನಾಡಲು 'ನ್ಯಾಯಾಲಯದ ವಕೀಲರ' ಮೊಬೈಲ್ ಸಂಖ್ಯೆಯನ್ನೂ ಕೊಟ್ಟಿದ್ದರು. ಆ ಸಂಖ್ಯೆಗೆ ಕರೆ ಮಾಡಿ, ಚೌಕಾಸಿ ನಡೆಸಿ, ಯುವಕ ಆಗಲೇ ಎರಡು ಸಾವಿರ ರೂಪಾಯಿ ಕಳುಹಿಸಿಬಿಟ್ಟಿದ್ದ.

ನ್ಯಾಯಾಲಯ ಇಮೇಲ್ ಕಳುಹಿಸುವುದೇ ಇಲ್ಲ, ಆದ್ದರಿಂದ ಇಂಥದ್ದನ್ನೆಲ್ಲ ಅಳಿಸಿಹಾಕಿ ಸುಮ್ಮನಿರಿ ಎಂದು ಹೇಳುವವರಿದ್ದಾರೆ. ಆ ಸಲಹೆ ಈಗ ಸರಿಯಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 63ನೆಯ ಕಲಮಿನ ಪ್ರಕಾರ, ನ್ಯಾಯಾಲಯದ ಮೊಹರಿನ ಚಿತ್ರ ಅಥವಾ ಡಿಜಿಟಲ್ ಸಹಿಯಿರುವ ಸಮನ್ಸನ್ನು ವಿದ್ಯುನ್ಮಾನ ರೂಪದಲ್ಲಿಯೂ ಹೊರಡಿಸಬಹುದು. ಮೊದಲು ಪೊಲೀಸರೋ ನ್ಯಾಯಾಲಯದ ಸಿಬ್ಬಂದಿಯೋ ಮನೆಬಾಗಿಲಿಗೆ ಬಂದು ಸಹಿ ಹಾಕಿಸಿಕೊಂಡು ಹೋಗುತ್ತಿದ್ದ ಕಾಗದ ಈಗ ಮೊಬೈಲಿಗೂ ಬರಬಹುದು. ಇಷ್ಟೇ ಅಲ್ಲ, 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಚೆಕ್ ಅಮಾನ್ಯ ಪ್ರಕರಣಗಳ ಬಗ್ಗೆ ಕೊಟ್ಟ ತೀರ್ಪಿನಲ್ಲಿ, ಜಿಲ್ಲಾ ನ್ಯಾಯಾಲಯಗಳು ಕ್ಯೂಆರ್ ಕೋಡ್ ಅಥವಾ ಯುಪಿಐ ಮೂಲಕ ಹಣ ಕಟ್ಟುವ ಸುರಕ್ಷಿತ ವ್ಯವಸ್ಥೆಯನ್ನು ಮಾಡಬೇಕೆಂದೂ, ಆರಂಭದಲ್ಲೇ ಚೆಕ್ಕಿನ ಮೊತ್ತವನ್ನು ಅದರ ಮೂಲಕ ಕಟ್ಟುವ ಆಯ್ಕೆ ಆರೋಪಿಗೆ ಉಂಟೆಂದು ಸಮನ್ಸಿನಲ್ಲೇ ತಿಳಿಸಬೇಕೆಂದೂ ನಿರ್ದೇಶಿಸಿದೆ. ಬಾಕಿ ಪ್ರಕರಣಗಳ ಹೊರೆ ಇಳಿಸುವ ಈ ಒಳ್ಳೆಯ ಕ್ರಮ, ಹಣ ಕೇಳಿದರೆ ಅದು ನಕಲಿ ಎಂಬ ನಮ್ಮ ಹಳೆಯ, ಸುಲಭವಾದ ಗುರುತನ್ನು ನಮ್ಮಿಂದ ಕಿತ್ತುಕೊಂಡಿದೆ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಹಾಗಾದರೆ ನಾನು ಆ ಕಾಗದವನ್ನು ಓದಿದ್ದು ಹೇಗೆ? ಮೊಹರನ್ನೂ ಲಾಂಛನವನ್ನೂ ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ಏಕೆಂದರೆ ಅವನ್ನು ಯಾರಾದರೂ ಅಂಟಿಸಬಹುದು. ನೋಡಿದ್ದು ಒಳಗಿನ ಕಾಲಕ್ರಮವನ್ನು. 138ನೆಯ ಕಲಮಿನ ಪ್ರಕರಣ ಸಮನ್ಸಿನಿಂದ ಶುರುವಾಗುವುದಿಲ್ಲ. ಚೆಕ್ ಮರಳಿತೆಂದು ಬ್ಯಾಂಕಿನಿಂದ ತಿಳಿದ 30 ದಿನಗಳೊಳಗೆ ಹಣ ಬರಬೇಕಾದವನು ಲಿಖಿತ ನೋಟಿಸ್ ಕೊಡಬೇಕು. ಅದು ಕೈಸೇರಿದ ಮೇಲೆ ಹಣ ಕೊಡಲು 15 ದಿನಗಳ ಅವಕಾಶವಿರಬೇಕು. ಅಷ್ಟಾದರೂ ಹಣ ಬಾರದಿದ್ದಾಗ ಮುಂದಿನ ಒಂದು ತಿಂಗಳೊಳಗೆ ನ್ಯಾಯಾಲಯದಲ್ಲಿ ದೂರು ಸಲ್ಲಿಸಬೇಕು. ನಮ್ಮ ಯುವಕನಿಗೆ ಅಂಥ ನೋಟಿಸ್ ಬಂದಿರಲಿಲ್ಲ, ಅವನು ಚೆಕ್ಕನ್ನೇ ಕೊಟ್ಟಿರಲಿಲ್ಲ. ಖಾತೆಯಿಂದ ತಾನಾಗಿ ಕಂತು ಕಡಿತವಾಗಲು ಒಪ್ಪಿಗೆ ಕೊಟ್ಟು, ಹಣವಿಲ್ಲದೆ ಅದು ತಪ್ಪಿದರೂ ಬೇರೊಂದು ಕಾನೂನಿನಡಿ ಇಂಥದ್ದೇ ಪ್ರಕರಣ ಹೂಡಬಹುದು ಎಂಬುದು ನಿಜ. ಆದರೆ ಅಲ್ಲಿಯೂ ನೋಟಿಸ್ ಮತ್ತು 15 ದಿನಗಳ ಅವಕಾಶ ತಪ್ಪುವುದಿಲ್ಲ. ಇನ್ನು 420ನೆಯ ಕಲಮು. ಸಾಲ ಪಡೆದದ್ದು 2025ರಲ್ಲಿ. ಆ ವೇಳೆಗೆ ಹಳೆಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದು, ವಂಚನೆಯ ಅಪರಾಧ ಅದರ 318ನೆಯ ಕಲಮಿಗೆ ಸೇರಿ ವರ್ಷವೇ ಆಗುತ್ತ ಬಂದಿತ್ತು. 2024ರ ಜುಲೈಗೆ ಮುಂಚಿನ ಘಟನೆಯಾಗಿದ್ದರೆ ಹಳೆಯ ಕಲಮು ಇರುವುದು ಸಹಜ, ಇಲ್ಲಿ ಹಾಗಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಯಾವ ತಾರೀಖಿನಂದು, ಎಷ್ಟು ಗಂಟೆಗೆ ನ್ಯಾಯಾಲಯದ ಮುಂದೆ ಹಾಜರಾಗಬೇಕೆಂಬ ಒಂದೇ ಒಂದು ಸಾಲು ಆ ಎರಡು ಪುಟಗಳಲ್ಲಿ ಎಲ್ಲಿಯೂ ಇರಲಿಲ್ಲ. ಸಮನ್ಸೆಂದರೆ ಹಾಜರಾಗಲು ಕೊಡುವ ಕರೆ. ಕರೆಯೇ ಇಲ್ಲದ ಮೇಲೆ ಅದು ಸಮನ್ಸು ಹೇಗಾದೀತು?

ಆದರೂ ಇಷ್ಟಕ್ಕೇ ತೃಪ್ತನಾಗಿ ಅದನ್ನು ನಕಲಿಯೆಂದು ಹೇಳಿಬಿಡಲು ನಾನು ಸಿದ್ಧನಿರಲಿಲ್ಲ. ನಿಜವಾದ ಸಮನ್ಸನ್ನು ಕಡೆಗಣಿಸಿದರೆ ಸಿವಿಲ್ ದಾವೆಯಲ್ಲಿ ಏಕಪಕ್ಷೀಯ ತೀರ್ಪೂ, ಕ್ರಿಮಿನಲ್ ಪ್ರಕರಣದಲ್ಲಿ ವಾರಂಟೂ ಬರಬಹುದು. ಆದ್ದರಿಂದ ಕಾಗದದಲ್ಲಿದ್ದ ಸಂಖ್ಯೆಗೆ ಕರೆ ಮಾಡದೆ, ಅದರಲ್ಲಿದ್ದ ಕೊಂಡಿಯನ್ನು ಒತ್ತದೆ, ನಾವೇ services.ecourts.gov.in ಎಂಬ ನ್ಯಾಯಾಲಯಗಳ ಜಾಲತಾಣವನ್ನು ತೆರೆದೆವು. ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳಲ್ಲಿ ದಾಖಲಾದ ಪ್ರತಿ ಪ್ರಕರಣಕ್ಕೂ ಸಿಎನ್‌ಆರ್ ಎಂಬ ಹದಿನಾರು ಅಕ್ಷರ ಮತ್ತು ಅಂಕಿಗಳ ಗುರುತು ಇರುತ್ತದೆ. ಕರ್ನಾಟಕದ್ದಾದರೆ ಅದು KA ಎಂಬ ಅಕ್ಷರಗಳಿಂದ ಆರಂಭವಾಗಿ, ವರ್ಷವನ್ನು ಸೂಚಿಸುವ ನಾಲ್ಕು ಅಂಕಿಗಳಿಂದ ಮುಗಿಯುತ್ತದೆ. ಯುವಕನ ಕಾಗದದಲ್ಲಿ ಆ ಗುರುತೂ ಇತ್ತು! ಅದನ್ನು ಹಾಕಿ ನೋಡಿದಾಗ ನಿಜವಾದ ಪ್ರಕರಣವೊಂದು ತೆರೆದುಕೊಂಡಿತು. ಯುವಕನ ಮುಖ ಬಿಳಿಚಿಕೊಂಡಿತು. ಆದರೆ ವಾದಿ, ಪ್ರತಿವಾದಿಗಳ ಹೆಸರು ಓದಿದರೆ, ಅದು ಯಾರೋ ಅಣ್ಣತಮ್ಮಂದಿರ ಜಮೀನಿನ ಪಾಲಿನ ದಾವೆ. ಜಾಲತಾಣದಲ್ಲಿ ಎಲ್ಲರಿಗೂ ಕಾಣುವ ಗುರುತೊಂದನ್ನು ವಂಚಕರು ಎತ್ತಿ ಅಂಟಿಸಿದ್ದರು. ಆಮೇಲೆ ಯುವಕನ ಹೆಸರು ಮತ್ತು ವರ್ಷವನ್ನು ಹಾಕಿ ಹುಡುಕಿದೆವು, ಏನೂ ಸಿಗಲಿಲ್ಲ. ಹೊಸದಾಗಿ ದಾಖಲಾದ ಪ್ರಕರಣ ಜಾಲತಾಣದಲ್ಲಿ ಕಾಣಲು ತಡವಾಗಬಹುದಾದ್ದರಿಂದ, ಮರುದಿನ ಕಾಗದದಲ್ಲಿ ಹೆಸರಿಸಿದ್ದ ನ್ಯಾಯಾಲಯದ ಶಿರಸ್ತೇದಾರರನ್ನೂ ವಿಚಾರಿಸಿದೆವು. ಅಂಥ ಸಮನ್ಸು ಅಲ್ಲಿಂದ ಹೊರಟಿರಲಿಲ್ಲ.

ರಾಜಿಯ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಈ ವಂಚನೆಯ ಗಾಳ ಇರುವುದು ಅಲ್ಲೇ. ರಾಜಿ ನಡೆಯುವುದು ಇಬ್ಬರು ಕಕ್ಷಿದಾರರ ನಡುವೆ. ನ್ಯಾಯಾಲಯ ಅದನ್ನು ದಾಖಲಿಸಿ ಪ್ರಕರಣವನ್ನು ಮುಗಿಸುತ್ತದೆ. ಚೆಕ್ ಪ್ರಕರಣದಲ್ಲಿ ಹೊಸ ವ್ಯವಸ್ಥೆಯ ಮೂಲಕ ಹಣ ಕಟ್ಟಿದರೂ ಫಿರ್ಯಾದಿಗೆ ಅದನ್ನು ತಿಳಿಸಿ, ನ್ಯಾಯಾಧೀಶರು ಆದೇಶ ಮಾಡಿದ ಮೇಲೆಯೇ ಪ್ರಕರಣ ಮುಗಿಯುತ್ತದೆ. ಲೋಕ ಅದಾಲತ್ತಿನಲ್ಲಿಯೂ ಇಬ್ಬರೂ ಒಪ್ಪಿದರೆ ಮಾತ್ರ ರಾಜಿ, ಆ ರಾಜಿಗೆ ಡಿಕ್ರಿಯ ಬಲವಿರುತ್ತದೆ. ಯಾರದೋ ಯುಪಿಐ ಖಾತೆಗೆ ಹಣ ಹಾಕಿದರೆ ಇವುಗಳಲ್ಲಿ ಒಂದೂ ಆಗುವುದಿಲ್ಲ. ಕೆಲವು ಇಮೇಲುಗಳು ಇನ್ನೂ ಮುಂದೆ ಹೋಗಿ, ನೀವು ಮಕ್ಕಳ ಅಶ್ಲೀಲ ಚಿತ್ರಗಳನ್ನು ನೋಡಿದ್ದೀರಿ, ಹಣ ಕೊಟ್ಟರೆ ಕಡತ ಮುಚ್ಚುತ್ತೇವೆ ಎಂದು ಪೊಲೀಸ್ ಅಧಿಕಾರಿಗಳ ಹೆಸರಿನಲ್ಲಿ ಬೆದರಿಸುತ್ತವೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನ ಆ ಅಪರಾಧದಲ್ಲಿ ಹಣ ತೆಗೆದುಕೊಂಡು ಕಡತ ಮುಚ್ಚುವ ಅಧಿಕಾರ ಯಾವ ಪೊಲೀಸರಿಗೂ ಇಲ್ಲ. ನಾಚಿಕೆಗೆ ಅಂಜಿ ಜನ ಯಾರಿಗೂ ತೋರಿಸುವುದಿಲ್ಲ ಎಂಬ ಲೆಕ್ಕಾಚಾರದ ಮೇಲೆಯೇ ಆ ಪತ್ರ ನಿಂತಿರುತ್ತದೆ.

ವಕೀಲರ ಲೀಗಲ್ ನೋಟಿಸ್ ಬೇರೆಯೇ ವಸ್ತು. ಅದು ನ್ಯಾಯಾಲಯದ ಆದೇಶವಲ್ಲ, ಕಕ್ಷಿದಾರನ ಪರವಾಗಿ ಬರೆದ ಪತ್ರ. ಆದರೂ ನಿಜವಾದದ್ದಾದರೆ ಅದಕ್ಕೆ ಉತ್ತರ ಕೊಡುವುದು ಒಳ್ಳೆಯದು. ಯಾವ ಸಾಲ, ಎಷ್ಟು ಬಾಕಿ, ಯಾವ ಕರಾರಿನ ಪ್ರಕಾರ ಎಂದು ಬರವಣಿಗೆಯಲ್ಲಿ ಕೇಳಿದರೆ ನಿಜವಾದ ವಕೀಲರು ದಾಖಲೆ ಕಳುಹಿಸುತ್ತಾರೆ. ನಕಲಿಯವನು ಗಡುವನ್ನು ಇನ್ನೊಂದು ಗಂಟೆ ವಿಸ್ತರಿಸುತ್ತಾನೆ. ವಕೀಲರ ಶುಲ್ಕ ಕೊಡಲಾಗದ ಅರ್ಹರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತ ನೆರವು ಪಡೆಯಬಹುದು, ಕಾನೂನು ನೆರವಿನ ರಾಷ್ಟ್ರೀಯ ಸಹಾಯವಾಣಿ 15100.

ಯುವಕ ಕಳುಹಿಸಿದ್ದ ಎರಡು ಸಾವಿರದ ಬಗ್ಗೆ ಅವನು ಬಂದ ದಿನವೇ, ನನ್ನ ಮೇಜಿನ ಮುಂದೆ ಕೂರಿಸಿಕೊಂಡೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿದೆ, ಬ್ಯಾಂಕಿಗೂ ತಿಳಿಸಿದೆವು, cybercrime.gov.in ತಾಣದಲ್ಲಿ ದೂರು ಬರೆದೆವು. ಹಣ ಇನ್ನೊಂದು ಖಾತೆಗೆ ದಾಟುವ ಮುನ್ನ ತಡೆಯಬೇಕಾದ್ದರಿಂದ ಇಲ್ಲಿ ಒಂದೊಂದು ಗಂಟೆಗೂ ಬೆಲೆಯಿದೆ. ಆ ಇಮೇಲನ್ನು ಅಳಿಸದಂತೆಯೂ ಹೇಳಿದೆ, ಏಕೆಂದರೆ ಅದು ಎಲ್ಲಿಂದ ಹೊರಟಿತೆಂಬ ಗುರುತು ಮೂಲ ಇಮೇಲಿನ ಒಳಗಿರುತ್ತದೆಯೇ ಹೊರತು ಮುದ್ರಿಸಿದ ಹಾಳೆಯಲ್ಲಾಗಲಿ, ಅದರ ಫೋಟೋದಲ್ಲಾಗಲಿ ಇರುವುದಿಲ್ಲ. ನಾವು ದೂರು ಬರೆದು ಮುಗಿಸುವಷ್ಟರಲ್ಲಿ ಗಂಟೆ ಐದೂಕಾಲಾಗಿತ್ತು. ಅವನ ಮೊಬೈಲಿಗೆ ಹೊಸ ಸಂದೇಶ ಬಂತು: ನ್ಯಾಯಾಧೀಶರು ಕರುಣೆ ತೋರಿ ಮೊತ್ತವನ್ನು 9,500ಕ್ಕೆ ಇಳಿಸಿದ್ದಾರೆ, ಗಡುವು ರಾತ್ರಿ ಎಂಟು ಗಂಟೆ.

ನಮಸ್ಕಾರ.